ಎಷ್ಟು ಮಂದಿ ಸೇರದಿದ್ದರೆ ಕಮ್ಮಟ ರದ್ದು? ಅದನ್ನು ಹೇಳುವುದು ಯಾವಾಗ?

ಪರ: ಸಂಖ್ಯೆಯನ್ನೂ ದಿನವನ್ನೂ ಕರಪತ್ರದಲ್ಲೇ ಮುದ್ರಿಸಿ

ಡೊಂಬಿವಲಿಯ ಕನ್ನಡ ಸಂಘವೊಂದು ಶನಿವಾರ, ಭಾನುವಾರ ಯಕ್ಷಗಾನ ಹೆಜ್ಜೆಗಾರಿಕೆಯ ಕಮ್ಮಟ ಇಟ್ಟುಕೊಂಡಿದೆ ಎನ್ನೋಣ. ಗುರುಗಳು ಕುಂದಾಪುರದಿಂದ ಮತ್ಸ್ಯಗಂಧ ರೈಲಿನಲ್ಲಿ ಬರಬೇಕು. ಚೆಂಡೆ, ಮದ್ದಲೆಯವರು ಇಲ್ಲಿಯವರೇ. ಸಭಾಗೃಹಕ್ಕೆ 8,000 ರೂಪಾಯಿ, ಗುರುಗಳಿಗೂ ಹಿಮ್ಮೇಳದವರಿಗೂ ಸೇರಿ ಸಂಭಾವನೆ 11,000, ಪ್ರಯಾಣ ಮತ್ತು ವಸತಿಗೆ 5,000. ಹತ್ತು ಮಂದಿ ಬಂದರೂ ಮೂವತ್ತು ಮಂದಿ ಬಂದರೂ ಈ 24,000 ತಪ್ಪದು. ಶುಲ್ಕ 1,500. ಅದರಲ್ಲಿ ಊಟ, ತಿಂಡಿಗೆ ತಲಾ 300 ಕಳೆದರೆ ಸಂಘದ ಕೈಯಲ್ಲಿ ಉಳಿಯುವುದು 1,200. ಇಪ್ಪತ್ತು ಮಂದಿ ಸೇರಿದರೆ ಲೆಕ್ಕ ಸರಿಹೋಗುತ್ತದೆ.

ಆದರೆ ಇಪ್ಪತ್ತನ್ನೇ ಗೆರೆಯಾಗಿ ಎಳೆಯುವುದು ತಪ್ಪು. ಸಭಾಗೃಹಕ್ಕೆ ಕೊಟ್ಟ ಮುಂಗಡ 3,000, ಕಮ್ಮಟ ನಡೆಯಲಿ ಬಿಡಲಿ, ಹಿಂದಿರುಗುವುದಿಲ್ಲ. ರದ್ದು ಮಾಡಿದರೆ ಉಳಿಯುವುದು 21,000 ಮಾತ್ರ. ಅದನ್ನು 1,200ರಿಂದ ಭಾಗಿಸಿದರೆ ಹದಿನೇಳೂವರೆ, ಅಂದರೆ ಹದಿನೆಂಟು ಮಂದಿ. ಹದಿನೆಂಟಕ್ಕೆ ನಡೆಸಿದರೆ ನಷ್ಟ 2,400; ರದ್ದು ಮಾಡಿದರೆ 3,000. ಹದಿನೇಳಕ್ಕೆ ಇಳಿದರೆ ನಡೆಸುವ ನಷ್ಟ 3,600 ಆಗುತ್ತದೆ. ಸಂಘದ ಗೆರೆ ಇಲ್ಲಿದೆ.

ದಿನವನ್ನೂ ಇದೇ ಲೆಕ್ಕ ಹೇಳಿಕೊಡುತ್ತದೆ. ಹಿಂದೆ ಬಾರದ ಮುಂದಿನ ದೊಡ್ಡ ಖರ್ಚು ಯಾವ ದಿನ ಹುಟ್ಟುತ್ತದೆಯೋ ಅದಕ್ಕಿಂತ ಮೊದಲು ತೀರ್ಮಾನವಾಗಬೇಕು. ನಮ್ಮ ಉದಾಹರಣೆಯಲ್ಲಿ ಅದು ಕೊನೆಯ ವಾರ: ಆಗ ಬೇಡವೆಂದರೆ, ಬೇರೆ ಕರೆ ಒಪ್ಪಿಕೊಳ್ಳದೆ ಕಾದ ಗುರುಗಳಿಗೆ 4,000ವಾದರೂ ಕೊಡಬೇಕು. ಹತ್ತು ದಿನ ಮೊದಲೇ ಹೇಳಿದರೆ ಆ ಪ್ರಮೇಯವಿಲ್ಲ, ರೈಲು ಟಿಕೆಟಿನ ಕಡಿತವೂ ಅಲ್ಪ.

ಹೀಗಾಗಿ ಕರಪತ್ರದಲ್ಲಿ ಒಂದೇ ಸಾಲು ಸಾಕು: ‘ಇಂಥ ಬುಧವಾರ ರಾತ್ರಿಯೊಳಗೆ ಹದಿನೆಂಟು ಮಂದಿ ಶುಲ್ಕ ಕಟ್ಟದಿದ್ದರೆ ಕಮ್ಮಟ ಇರುವುದಿಲ್ಲ, ಪೂರ್ತಿ ಹಣ ಗುರುವಾರ ಹಿಂದಿರುಗುತ್ತದೆ.’ ಲೆಕ್ಕಕ್ಕೆ ಹಿಡಿಯುವುದು ಹಣ ಕಟ್ಟಿದವರನ್ನು ಮಾತ್ರ, ‘ಬರುತ್ತೇವೆ’ ಎಂದವರನ್ನಲ್ಲ. ‘ನಡೆಯುತ್ತದೋ ಇಲ್ಲವೋ ನೋಡೋಣ’ ಎಂದು ಕಾಯುವವರಿಗೂ ಆಗ ಕಾಯಲು ಕಾರಣವಿಲ್ಲ: ನಡೆಯದಿದ್ದರೆ ಹಣ ವಾಪಸು, ನಡೆಯಬೇಕಾದರೆ ತಾವು ಕಟ್ಟಲೇಬೇಕು. ಪುಣೆಯಿಂದ ಬರುವವರಿಗೆ ಶುಕ್ರವಾರ ರಾತ್ರಿ ಫೋನ್ ಮಾಡಿ ‘ರದ್ದಾಯಿತು’ ಎನ್ನುವ ಸಂಘವನ್ನು ಅವರು ಮುಂದಿನ ವರ್ಷ ನಂಬುವುದಿಲ್ಲ.

ವಿರೋಧ: ಸಂಖ್ಯೆ ಸಮಿತಿಯೊಳಗೇ ಇರಲಿ

ಮೇಲಿನ ಲೆಕ್ಕ ಸರಿ. ಅದನ್ನು ಮುದ್ರಿಸಬೇಕೆಂಬುದನ್ನು ನಾನು ಒಪ್ಪುವುದಿಲ್ಲ.

ಮುಂಬಯಿಯ ಜನ ಹೆಸರು ಕೊಡುವುದೇ ಕೊನೆಯ ವಾರದಲ್ಲಿ. ಪಾಳಿಯ ಕೆಲಸದವರಿಗೆ ರಜೆ ಗೊತ್ತಾಗುವುದು ತಡವಾಗಿ. ಹಳಿ ದುರಸ್ತಿಗೆಂದು ಲೋಕಲ್ ರೈಲು ತಡೆಯುವ ಭಾನುವಾರದ ಮೆಗಾಬ್ಲಾಕ್ ಯಾವ ಮಾರ್ಗದಲ್ಲಿ ಎಂಬುದು ವಾರದ ಕೊನೆಗೆ ತಿಳಿಯುತ್ತದೆ. ಮಕ್ಕಳನ್ನು ಮುಲುಂಡ್‌ನಿಂದಲೋ ವಸಾಯಿಯಿಂದಲೋ ಕರೆತರಬೇಕಾದ ತಾಯಿ ಹತ್ತು ದಿನ ಮೊದಲು ಹಣ ಕಟ್ಟುವುದಿಲ್ಲ. ಆ ಬುಧವಾರ ಹನ್ನೊಂದು ಮಂದಿ ಇದ್ದರೆ ಅದು ಆಸಕ್ತಿ ಕಡಿಮೆ ಎಂಬುದರ ಗುರುತಲ್ಲ, ಈ ಊರಿನ ಅಭ್ಯಾಸ. ಹಿಂದಿನ ಕಮ್ಮಟಗಳ ಪಟ್ಟಿ ತೆಗೆದು, ಹತ್ತು ದಿನ ಮೊದಲು ಎಷ್ಟಿತ್ತು, ಕೊನೆಗೆ ಎಷ್ಟಾಯಿತು ಎಂದು ನೋಡದೆ ಯಾವ ಸಂಘವೂ ದಿನ ಗೊತ್ತುಮಾಡಬಾರದು.

ಹಣ ವಾಪಸು ಸಿಗುವುದರಿಂದ ಕಾಯಲು ಕಾರಣವಿಲ್ಲ ಎಂಬುದೂ ನಿಜವಲ್ಲ. ಕಟ್ಟಿದವರು ರಜೆ ಹಾಕಿರುತ್ತಾರೆ, ಆ ಭಾನುವಾರದ ನಾಮಕರಣಕ್ಕೆ ಬರುವುದಿಲ್ಲ ಎಂದಿರುತ್ತಾರೆ. ‘ಹದಿನೆಂಟು’ ಎಂದು ಓದಿ, ಆರೇ ಮಂದಿ ಕಟ್ಟಿದ್ದಾರೆಂದು ಕೇಳಿದ ಏಳನೆಯವರು ಹಿಂದೆ ಸರಿಯುತ್ತಾರೆ. ಕಮ್ಮಟ ಮುರಿಯಲು ಆ ಅಂಕಿಯೇ ಸಾಕಾಗುತ್ತದೆ.

ಇನ್ನೊಂದು ಮಾತು. ಮೇಳಗಳ ತಿರುಗಾಟ ನಿಂತ ಮಳೆಗಾಲದಲ್ಲೇ ಕಲಾವಿದರಿಗೆ ಬಿಡುವು, ಆಗಲೇ ಕರೆಗಳೂ ಹೆಚ್ಚು. ನಮಗಾಗಿ ಒಂದು ವಾರಾಂತ್ಯ ಎತ್ತಿಟ್ಟ ಗುರುಗಳಿಗೆ ಹತ್ತು ದಿನ ಮೊದಲು ಬೇಡವೆಂದರೂ ಹೊಸ ಕರೆ ಸಿಗುವುದು ಕಷ್ಟ. ಆ 4,000 ಕೊನೆಯ ವಾರದ ಖರ್ಚಲ್ಲ. ಅವರು ಒಪ್ಪಿಕೊಂಡ ದಿನವೇ ಹುಟ್ಟಿದ ಋಣ. ಅದನ್ನು ಸೇರಿಸಿದರೆ ರದ್ದು ಮಾಡುವ ನಷ್ಟ 7,000. ಉಳಿಸಬಹುದಾದದ್ದು 17,000, ಗೆರೆ ಹದಿನೈದು. ಹದಿನೆಂಟೆಂದು ಅಚ್ಚು ಹಾಕಿಸಿದ ಸಂಘ ಹದಿನಾರು ಮಂದಿಯನ್ನು ಹಿಂದಕ್ಕೆ ಕಳಿಸಿ, ತಾನೂ ಹೆಚ್ಚು ಕಳೆದುಕೊಳ್ಳುತ್ತದೆ.

ಸಂಖ್ಯೆ ಕಡಿಮೆಯಾದರೆ ರದ್ದು ಮಾಡುವುದೊಂದೇ ದಾರಿಯೂ ಅಲ್ಲ. ಹನ್ನೆರಡು ಮಂದಿಗೆ ಸದಸ್ಯರ ಹೌಸಿಂಗ್ ಸೊಸೈಟಿಯ ಕೋಣೆ ಸಾಕು; ಸಭಾಗೃಹದ ಬಾಕಿ 5,000 ಅಲ್ಲೇ ಉಳಿಯುತ್ತದೆ. ಹೆಜ್ಜೆ ಕಲಿಸುವ ಗುರುಗಳಿಗೂ ಇಷ್ಟು ಮಂದಿ ಒಳ್ಳೆಯದೇ. ಒಬ್ಬೊಬ್ಬರ ಪಾದ ನೋಡಿ ತಿದ್ದಬಹುದು. ನಾಲ್ಕೈದೇ ಮಂದಿ ಇದ್ದಾಗ ಮಾತ್ರ ಬೇಡವೆನ್ನಬೇಕು, ಅದೂ ದೂರದಿಂದ ಬರುವವರಿಗೆ ಮೊದಲು ಫೋನ್ ಮಾಡಿ. ಖಚಿತವಾದಾಗ ‘ನಡೆಯುತ್ತದೆ’ ಎಂಬುದನ್ನು ಅಂದೇ ಸಾರಬೇಕು. ಪುಣೆಯವರಿಗೆ ಬೇಕಾದದ್ದು ಆ ಮಾತು.

ಹದಿನಾಲ್ಕಕ್ಕೆ ನಿಂತರೆ? ನಡೆಸಿದರೆ ನಷ್ಟ 7,200, ರದ್ದಾದರೆ 7,000. ಆ 200 ರೂಪಾಯಿಯನ್ನು ಸಮಿತಿಯವರು ತಮ್ಮ ಜೇಬಿನಿಂದ ಹಾಕಿಕೊಳ್ಳಲಿ.