ಬಿಡುಗಡೆ ಮೊದಲು, ವಿಭಾಗ ಆಮೇಲೆ

"ಸಕಲೇಶಪುರದ ಹತ್ರ 3 ಎಕರೆ ತೋಟ. ಅಪ್ಪ ಅಮ್ಮ ಇಲ್ಲ, ಪಹಣಿ ನಮ್ಮ ಮೂವರ ಹೆಸರಿಗೆ ಜಂಟಿಯಾಗಿದೆ. ತಂಗಿ ತನ್ನ ಪಾಲು ತಮ್ಮನಿಗೇ ಬಿಡ್ತಾಳಂತೆ. ಒಂದೇ ವಿಭಾಗ ಪತ್ರ ಸಾಕಾ?"

ಎರಡು ಪತ್ರ ಮಾಡಿ ಸಾರ್. ತಂಗಿಗೆ ಏನೂ ಬಾರದ ವಿಭಾಗ ಪತ್ರಕ್ಕೆ ನೋಂದಣಿ ಕಚೇರಿಯಲ್ಲಿ ತಕರಾರು ಬರಬಹುದು. ಮೊದಲು ಹಕ್ಕು ಬಿಡುಗಡೆ ಪತ್ರ. ಅದರಲ್ಲಿ "ನನ್ನ ಮೂರನೇ ಒಂದು ಪಾಲನ್ನು ಇಂಥ ತಮ್ಮನಿಗೆ" ಅಂತ ಹೆಸರು ಹಾಕಿಯೇ ಬರೆಸಿ. ಬರೀ "ಬಿಟ್ಟಿದ್ದೇನೆ" ಅಂದ್ರೆ ನೀವಿಬ್ಬರೂ ಹಕ್ಕು ಕೇಳಬಹುದು. ತಮ್ಮನ ಹೆಂಡತಿ ಹೆಸರಿಗೆ ಬರೆಸಬೇಡಿ. ಆಕೆ ಜಂಟಿ ಮಾಲೀಕಳಲ್ಲ, ಅದು ಬಿಡುಗಡೆ ಆಗೋದೇ ಇಲ್ಲ. ಹಣ ಕೊಟ್ಟಿದ್ರೆ ಚೆಕ್ ನಂಬರ್ ಸಮೇತ ನಮೂದಿಸಿ.

ಈಗ ನಿಮ್ಮದು 1 ಎಕರೆ, ತಮ್ಮನದು 2. ಪಹಣಿಯಿಂದ ತಂಗಿ ಹೆಸರು ಇಳಿದ ಮೇಲೇ, ಭಾಗವಾಗುವ ಜಮೀನನ್ನು ಸರ್ವೆಯವರು ಅಳೆದು ಕೊಡೋ 11ಇ ನಕ್ಷೆಗೆ ಅರ್ಜಿ ಹಾಕಿ. ಹೆಸರು ಇರುವಾಗಲೇ ಅಳೆಸಿದ್ರೆ ನಕ್ಷೆಗೂ ಪತ್ರಕ್ಕೂ ತಾಳೆಯಾಗದೆ ಮತ್ತೆ ಓಡಾಟ.

ಕೃಷಿ ಜಮೀನಿನ ವಿಭಾಗಕ್ಕೆ ಮುದ್ರಾಂಕ ಶುಲ್ಕ ಈಗ ಪಾಲಿಗೆ 1,000 ರೂಪಾಯಿ, ಇಬ್ಬರಿಗೆ 2,000. ನೋಂದಣಿ ಶುಲ್ಕ ಬೇರೆ. ಸಹೋದರರ ನಡುವಿನ ಬಿಡುಗಡೆಗೂ ನಿಗದಿತ ಮೊತ್ತವೇ, ಮಾರುಕಟ್ಟೆ ಬೆಲೆಯ ಮೇಲಲ್ಲ.

ಜನ ಮರೆಯೋದು ದಾರಿ ಮತ್ತು ನೀರು. ಬೋರ್‌ವೆಲ್ ತಮ್ಮನ ಪಾಲಿಗೆ ಬಿದ್ರೆ ನಿಮಗೆ ನೀರಿನ ಹಕ್ಕು, ಕಾಫಿ ಮೂಟೆ ಸಾಗಿಸೋ ದಾರಿಯ ಅಗಲ ಎಷ್ಟು ಅಡಿ, ಎರಡನ್ನೂ ವಿಭಾಗ ಪತ್ರದಲ್ಲೇ ಬರೆಸಿ. ಸಹಿ ಹಾಕಿದ 4 ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು.