ಅಧ್ಯಕ್ಷ ರಾಗಿ, ಅಭಿಮಾನಿ ಗಳ ಮತ್ತು ಶ್ರೀಮಾನ್ ರವರು

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ರಾಗಿ ಬೆಳೆಯುವುದರಲ್ಲಿ ದೇಶಕ್ಕೇ ಮೊದಲ ಸ್ಥಾನ ಕರ್ನಾಟಕದ್ದು. ಜಿಪಿಯು-28, ಎಂಎಲ್-365 ಎಂದೆಲ್ಲ ನಮ್ಮ ಕೃಷಿ ವಿಜ್ಞಾನಿಗಳು ತಳಿಯ ಮೇಲೆ ತಳಿ ಕೊಟ್ಟಿದ್ದಾರೆ. ಆದರೆ ಮೂರು ಮುಖ್ಯ ತಳಿಗಳು ಇನ್ನೂ ಅವರ ಕಣ್ಣಿಗೆ ಬಿದ್ದಿಲ್ಲ: ಅಧ್ಯಕ್ಷ ರಾಗಿ, ಸದಸ್ಯ ರಾಗಿ, ನಿರ್ದೇಶಕ ರಾಗಿ. ಇವಕ್ಕೆ ಮಳೆ ಬೇಡ, ಗೊಬ್ಬರ ಬೇಡ. ವೃತ್ತದ ನಡುವೆ ಕಬ್ಬಿಣದ ಚೌಕಟ್ಟು ನಿಲ್ಲಿಸಿದರೆ ರಾತ್ರಿ ಬೆಳಗಾಗುವುದರೊಳಗೆ ತೆನೆ ಬಿಟ್ಟಿರುತ್ತವೆ. ಚುನಾವಣೆ ಹತ್ತಿರ ಬಂದರಂತೂ ಬಂಪರ್ ಬೆಳೆ.

ನಮ್ಮ ಬಡಾವಣೆಯ ತಿರುವಿನಲ್ಲಿ ನಿಂತಿರುವ ಫ್ಲೆಕ್ಸ್ ಒಂದರ ಪಾಠ ಹೀಗಿದೆ: ‘ನಮ್ಮೆಲ್ಲರ ನೆಚ್ಚಿನ ನಾಯಕ ರಾದ ಶ್ರೀ (ಇಲ್ಲಿ ಹೆಸರು, ಚಿನ್ನದ ಬಣ್ಣದಲ್ಲಿ) ರವರು ಬಡಾವಣೆ ಯ ಕ್ಷೇಮಾಭಿವೃದ್ಧಿ ಸಂಘ ದ ನೂತನ ಅಧ್ಯಕ್ಷ ರಾಗಿ ಆಯ್ಕೆ ಯಾದ ಪ್ರಯುಕ್ತ ಹಾರ್ದಿಕ ಶುಭಾಶಯ ಗಳು. ಇಂತಿ, ಅಭಿಮಾನಿ ಗಳ ಬಳಗ.’ ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿರುವುದರಿಂದ ಕಾನೂನಿನ ದೃಷ್ಟಿಯಲ್ಲಿ ಈ ಫ್ಲೆಕ್ಸ್ ಇಲ್ಲವೇ ಇಲ್ಲ. ಇಲ್ಲದ ಫ್ಲೆಕ್ಸಿನಲ್ಲಿ ವ್ಯಾಕರಣ ಇರಬೇಕೆಂದು ಹಟ ಹಿಡಿಯುವುದು ನನ್ನದೇ ಅತಿಯಾಸೆ ಇರಬಹುದು. ಇಡೀ ಬರಹದಲ್ಲಿ ಗಟ್ಟಿಯಾಗಿ ನಿಂತಿರುವ ಪದ ‘ಕ್ಷೇಮಾಭಿವೃದ್ಧಿ’ ಒಂದೇ. ಅದಕ್ಕೆ ಕಾರಣ ಭಾಷಾಪ್ರೇಮವಲ್ಲ. ಸಂಘದ ರಬ್ಬರ್ ಮೊಹರಿನಲ್ಲಿ ಹಾಗಿದೆ, ನೋಡಿ ಬರೆದಿದ್ದಾರೆ.

ಫ್ಲೆಕ್ಸ್ ಅಂಗಡಿಯ ಹುಡುಗನನ್ನು ವಿಚಾರಿಸಿದೆ. ‘ತಮ್ಮಾ, ಅಧ್ಯಕ್ಷರಿಂದ ರಾಗಿ ಏಕೆ ಬೇರೆಯಾಯಿತು?’

‘ಒಂದೇ ಸಾಲಿಗೆ ಹಿಡಿಸುವುದಿಲ್ಲ ಸರ್. ಅಣ್ಣನವರ ಫೋಟೊ ಅಡ್ಡ ಬರುತ್ತದೆ.’

‘ಫೋಟೊ ಚಿಕ್ಕದು ಮಾಡಬಹುದಲ್ಲ?’

ಅವನು ನನ್ನನ್ನು ನೋಡಿದ ರೀತಿಯಲ್ಲೇ ಉತ್ತರವಿತ್ತು. ಈ ರಾಜ್ಯದಲ್ಲಿ ಪದವನ್ನು ಕತ್ತರಿಸಬಹುದು, ಅಣ್ಣನವರ ಭುಜವನ್ನು ಕತ್ತರಿಸುವಂತಿಲ್ಲ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಜಾಗ ಹೆಚ್ಚಿದ್ದರೆ ಬಿಡಿಸುತ್ತಾನೆ, ಸಾಲದಿದ್ದರೆ ‘ಈಶುಭಸಂದರ್ಭದಲ್ಲಿತಾವೆಲ್ಲರೂ’ ಎಂದು ಒಂದೇ ಉಸಿರಿಗೆ ಒತ್ತುತ್ತಾನೆ. ಅವನ ಸಂಧಿಶಾಸ್ತ್ರ ಅಡಿಗಳ ಲೆಕ್ಕದ್ದು. ಆದರೆ ಅಧ್ಯಕ್ಷರು ಪಾಪ, ತಮಗೇನಾಯಿತೆಂದು ತಿಳಿದುಕೊಳ್ಳಬೇಕು. ‘ಅಧ್ಯಕ್ಷರು’ ಮತ್ತು ‘ಆಗಿ’ ಕೂಡುವಾಗ ನಡುವಿನ ಉಕಾರ ಬಿದ್ದುಹೋಗಿ ‘ಅಧ್ಯಕ್ಷರಾಗಿ’ ಆಗುತ್ತದೆ. ಲೋಪ ಸಂಧಿ, ಮಕ್ಕಳ ವ್ಯಾಕರಣದ ಮೊದಲ ಪಾಠ. ಬಿಡಿಸಲೇಬೇಕೆಂದು ಹಟವಿದ್ದರೆ ‘ಅಧ್ಯಕ್ಷರು ಆಗಿ’ ಎನ್ನಬೇಕು. ರಕಾರದ ಹಿಂದೆ ಕತ್ತರಿ ಹಾಕಿದರೆ ಗೌರವ ಸೂಚಿಸುವ ‘ರು’ ಅವರ ಕೈಬಿಟ್ಟು ರಾಗಿಯ ಕಡೆಗೆ ಹೋಗುತ್ತದೆ. ಹಾರ ಹಾಕಿಸಿಕೊಂಡು ನಿಂತವರು ಏಕವಚನದ ‘ಅಧ್ಯಕ್ಷ’ನಾಗಿ ಉಳಿಯುತ್ತಾರೆ. ವಿರೋಧಿಗಳು ಎಷ್ಟು ಖರ್ಚು ಮಾಡಿದರೂ ಮಾಡಲಾಗದ ಅವಮಾನವನ್ನು ಅಭಿಮಾನಿಗಳು ಸ್ವಂತ ದುಡ್ಡಿನಲ್ಲಿ ಮಾಡಿ ಮುಗಿಸಿದ್ದಾರೆ. ಇನ್ನೊಬ್ಬ ಅಭ್ಯರ್ಥಿ ‘ನಿಮ್ಮ ಮನೆಮಗ ನಾಗಿ ಬಂದಿದ್ದೇನೆ’ ಎಂದು ಕೈಮುಗಿದಿದ್ದಾರೆ. ಬಂದವರು ಮನೆಮಗನೋ ನಾಗಿಯೋ ಎಂದು ಮತ ದಾರರು ತಲೆ ಕೆರೆದುಕೊಳ್ಳುತ್ತಿದ್ದಾರೆ. ಹೌದು, ಮತದಾರರ ಕೈಗೂ ಒಂದು ದಾರ ಸಿಕ್ಕಿದೆ.

‘ಸಂಧಿ ಮಾಡುವುದು, ಬಿಡುವುದು ಬರೆಯುವವರ ಇಷ್ಟವಲ್ಲವೇ?’ ಎಂದು ಕೇಳುವವರಿದ್ದಾರೆ. ಅರ್ಧ ನಿಜ. ಎರಡು ಪೂರ್ಣ ಪದಗಳ ನಡುವೆ ಅದು ಇಷ್ಟವೇ. ‘ಮಾತು ಇಲ್ಲ’ ಎನ್ನಿ, ‘ಮಾತಿಲ್ಲ’ ಎನ್ನಿ, ಯಾರೂ ಜಗಳಕ್ಕೆ ಬರುವುದಿಲ್ಲ. ಹಳಬರು ಇದನ್ನು ವಿವಕ್ಷೆ ಎಂದರು. ಆದರೆ ಪದಕ್ಕೆ ಪ್ರತ್ಯಯ ಹತ್ತುವಾಗ ಆಯ್ಕೆಯೇ ಇಲ್ಲ. ‘ಮನೆ’ಗೆ ‘ಅಲ್ಲಿ’ ಸೇರಿದರೆ ‘ಮನೆಯಲ್ಲಿ’ ಆಗಲೇಬೇಕು. ಫ್ಲೆಕ್ಸಿನ ‘ಬಡಾವಣೆ ಯ’ ನೋಡಿ. ಅಲ್ಲಿ ಪ್ರತ್ಯಯ ಇರುವುದು ಬರೀ ‘ಅ’. ಎಕಾರವೂ ಅಕಾರವೂ ಎದುರುಬದುರಾದಾಗ ನಾಲಿಗೆ ತೊಡರದಿರಲೆಂದು ಯಕಾರ ನಡುವೆ ಬರುತ್ತದೆ. ಆಗಮ ಎಂದರೆ ಅದೇ. ಈಗ ಎರಡರ ನಡುವೆ ಜಾಗ ಬಿಟ್ಟ ಮೇಲೆ ಅವು ಭೇಟಿಯಾಗುವುದೇ ಇಲ್ಲ, ಯಕಾರಕ್ಕೆ ಅಲ್ಲಿ ಕೆಲಸವೂ ಇಲ್ಲ. ಸಂಬಂಧ ಮುರಿದುಬಿದ್ದ ಮೇಲೂ ಮದುವೆ ದಲ್ಲಾಳಿ ಜಗಲಿಯಲ್ಲೇ ಕುಳಿತು ಕಾಫಿ ಕೇಳಿದಂತೆ ಆ ‘ಯ’ ಒಂಟಿಯಾಗಿ ಕುಳಿತಿದೆ.

‘ಅಭಿಮಾನಿ ಗಳ ಬಳಗ’ವನ್ನು ಮಾತ್ರ ನಾನು ಕ್ಷಮಿಸಿದ್ದೇನೆ. ಗಳ ಎಂದರೆ ಬಿದಿರ ಕೋಲು. ಫ್ಲೆಕ್ಸ್ ಕಟ್ಟಿರುವುದೇ ಗಳಕ್ಕೆ.

ತಪ್ಪಾಗಿ ಒಡೆಯುವವರು ಬೀದಿಯಲ್ಲಿ ಸಿಕ್ಕಿದರೆ, ತಪ್ಪಾಗಿ ಬೆಸೆಯುವವರು ಹೆಚ್ಚಾಗಿ ವೇದಿಕೆಯ ಮೇಲೆಯೇ ಇರುತ್ತಾರೆ. ‘ಜಾತ್ಯಾತೀತ’ ಇವರ ಮೆಚ್ಚಿನ ಪದ. ಜಾತಿ, ಅತೀತ. ಯಣ್ ಸಂಧಿಯಲ್ಲಿ ಇಕಾರ ಹೋಗಿ ಯಕಾರ ಬರುತ್ತದೆ, ‘ಅತೀತ’ದ ಅಕಾರ ಇದ್ದಂತೆಯೇ ಇರುತ್ತದೆ. ಸಿಗಬೇಕಾದದ್ದು ‘ಜಾತ್ಯತೀತ’. ಆ ದೀರ್ಘ ಎಲ್ಲಿಂದ ಬಂತೆಂದು ಯಾರೂ ಹೇಳಲಾರರು, ‘ಆತೀತ’ ಎಂಬ ಪದವೇ ಇಲ್ಲ. ಜಾತಿಯನ್ನು ದಾಟಲು ಹೊರಟವರ ಕೈಯಲ್ಲಿ ಅದು ಇನ್ನೊಂದು ಮಾತ್ರೆ ಉದ್ದವಾಗಿದೆ, ಅಷ್ಟೆ.

ಇದರ ತಮ್ಮ ‘ಕೋಟ್ಯಾಂತರ’. ಇಲ್ಲಿ ತಪ್ಪಿನ ಮೂಲ ಮಾತ್ರ ಸ್ಪಷ್ಟವಾಗಿದೆ. ಲಕ್ಷದ ಕೊನೆಯ ಅಕಾರವೂ ಅಂತರದ ಮೊದಲ ಅಕಾರವೂ ಸೇರಿ ‘ಲಕ್ಷಾಂತರ’ ಸರಿಯಾಗಿಯೇ ದೀರ್ಘವಾಯಿತು. ಸವರ್ಣದೀರ್ಘ. ಲಕ್ಷಕ್ಕೇ ದೀರ್ಘ ಸಿಕ್ಕಿದ ಮೇಲೆ ಕೋಟಿಗೆ ಸಿಗದಿದ್ದರೆ ಹೇಗೆ ಎಂದು ಜನ ಅದಕ್ಕೂ ಕೊಟ್ಟರು. ಕೋಟಿ ಮುಗಿಯುವುದು ಇಕಾರದಲ್ಲಿ, ಆದ್ದರಿಂದ ‘ಕೋಟ್ಯಂತರ’ವೇ ಸಾಕು ಎಂದರೆ ಕೇಳುವವರಾರು? ಕೋಟ್ಯಂತರ ರೂಪಾಯಿಯ ಕಾಮಗಾರಿ ಶಂಕುಸ್ಥಾಪನೆಯ ಫಲಕಕ್ಕೆ ಬರುವ ಹೊತ್ತಿಗೆ ಕೋಟ್ಯಾಂತರವಾಗಿರುತ್ತದೆ. ಪರಿಷ್ಕೃತ ಅಂದಾಜಿನಲ್ಲಿ ಆ ದೀರ್ಘಕ್ಕೂ ಮಂಜೂರಾತಿ ಸಿಗುತ್ತದೆ.

ಇದನ್ನೆಲ್ಲ ಹೇಳುವುದರಲ್ಲಿ ಒಂದು ಅಪಾಯವಿದೆ. ನನ್ನ ಉಪದೇಶ ಕೇಳಿದ ಒಬ್ಬ ಉತ್ಸಾಹಿ ಮರುದಿನವೇ ಜಾಹೀರಾತು ತಿದ್ದಿ ‘ಅತ್ಯಧುನಿಕ ಸೌಲಭ್ಯಗಳ ಕಲ್ಯಾಣ ಮಂಟಪ’ ಮಾಡಿಟ್ಟರು. ಅಲ್ಲಿ ದೀರ್ಘ ಇರಬೇಕಿತ್ತು, ಏಕೆಂದರೆ ಎರಡನೆಯ ಪದ ‘ಆಧುನಿಕ’. ನೋಡಬೇಕಾದದ್ದು ಅಷ್ಟೇ: ಮೊದಲ ಪದ ಇಕಾರದಲ್ಲಿ ಮುಗಿದರೆ, ಎರಡನೆಯ ಪದವನ್ನು ಬಿಡಿಸಿ ಅದು ಅಕಾರದಿಂದ ಶುರುವಾಗುತ್ತದೆಯೋ ಆಕಾರದಿಂದಲೋ ಎಂದು ನೋಡುವುದು. ಉತ್ಸಾಹಿಗೆ ಮತ್ತೆ ಹೇಳಿದೆ. ಮಂಟಪದ ಹೆಸರನ್ನೇ ‘ಹೈಟೆಕ್’ ಎಂದು ಬದಲಿಸಿ ನೆಮ್ಮದಿಯಾಗಿದ್ದಾರೆ.

ಇನ್ನು ರವರು. ಇಷ್ಟು ಹೊತ್ತು ಅವರನ್ನು ಕಾಯಿಸಿದ್ದಕ್ಕೆ ಕ್ಷಮೆ ಇರಲಿ, ಏಕೆಂದರೆ ಕನ್ನಡ ನಾಡಿನಲ್ಲಿ ಅವರಿಲ್ಲದೆ ಒಂದು ನಾಮಕರಣವೂ ನಡೆಯುವುದಿಲ್ಲ. ಆಹ್ವಾನ ಪತ್ರಿಕೆಯಲ್ಲಿ ಪ್ರತಿಯೊಬ್ಬರ ಹೆಸರಿನ ಹಿಂದೆಯೂ ರವರು. ಉದ್ಘಾಟನೆ ರವರಿಂದ, ಅಧ್ಯಕ್ಷತೆ ರವರದು, ಸನ್ಮಾನ ರವರಿಗೆ. ಇಷ್ಟು ಪ್ರಭಾವಶಾಲಿಯಾದ ವ್ಯಕ್ತಿಗೆ ಸ್ವಂತ ಅರ್ಥವಿಲ್ಲ. ‘ರವರು ಬಂದರು’ ಎಂದು ಹೇಳಿ ನೋಡಿ, ಯಾರೂ ಎದ್ದು ನಿಲ್ಲುವುದಿಲ್ಲ.

ಅವರ ಜನ್ಮವೃತ್ತಾಂತ ಹೀಗೆಂದು ನನ್ನ ಊಹೆ. ‘ರಾಯರು’ ಮತ್ತು ‘ಅವರು’ ಸೇರಿದರೆ ‘ರಾಯರವರು’. ‘ಗೌಡರು’ ಮತ್ತು ‘ಅವರು’ ಸೇರಿದರೆ ‘ಗೌಡರವರು’. ಅಲ್ಲಿಯ ರಕಾರ ರಾಯರದ್ದು, ಗೌಡರದ್ದು, ಅವರ ಪಿತ್ರಾರ್ಜಿತ. ಯಾರೋ ‘ಗೌಡ’ ಎಂದು ಮುಂದೆ ಬಿಟ್ಟು ‘ರವರು’ ಎಂದು ಹಿಂದೆ ಕಿತ್ತುಕೊಂಡರು. ಆಮೇಲೆ ಆ ತುಂಡು ಕಂಡಕಂಡವರ ಹೆಸರಿಗೆ ಅಂಟಿಕೊಳ್ಳತೊಡಗಿತು. ಲಕ್ಷ್ಮಿ ರವರು, ಚೆನ್ನಮ್ಮ ರವರು, ರಾಮಯ್ಯ ರವರು. ಲಕ್ಷ್ಮಿಗೆ ‘ಅವರು’ ಸೇರಿದರೆ ಯಕಾರ ಬಂದು ‘ಲಕ್ಷ್ಮಿಯವರು’ ಆಗಬೇಕು. ಚೆನ್ನಮ್ಮ ‘ಚೆನ್ನಮ್ಮನವರು’, ರಾಮಯ್ಯ ‘ರಾಮಯ್ಯನವರು’. ಈ ಮೂವರ ಬಳಿಯೂ ರಕಾರದ ದಾಸ್ತಾನಿಲ್ಲ, ಬೇರೆಯವರ ಮನೆಯಿಂದ ತಂದು ಇವರ ಮೇಲೆ ಹೊರಿಸಲಾಗಿದೆ.

ಇವರನ್ನು ಸಾಕಿ ಸಲಹಿದ್ದು ಖಾಲಿ ಜಾಗ. ಕಚೇರಿಯ ಅರ್ಜಿ ನಮೂನೆಗಳನ್ನು ನೋಡಿ: ‘ಶ್ರೀ/ಶ್ರೀಮತಿ ............ ರವರು ............ ದಲ್ಲಿ ವಾಸವಾಗಿದ್ದು’. ಹೆಸರು ಯಾವುದು ಬರುತ್ತದೆಂದು ಮುದ್ರಣಾಲಯಕ್ಕೆ ಗೊತ್ತಿಲ್ಲ. ಕನ್ನಡದ ಪ್ರತ್ಯಯವೋ ತನ್ನ ಹಿಂದಿನ ಅಕ್ಷರದ ಮುಖ ನೋಡದೆ ರೂಪ ತಾಳುವುದಿಲ್ಲ. ಮಂಡ್ಯದವರು ತುಂಬಿದರೆ ‘ಮಂಡ್ಯ ದಲ್ಲಿ’, ಜಾಗವೊಂದು ಬಿಟ್ಟರೆ ಹೇಗೋ ನಡೆಯುತ್ತದೆ. ಮೈಸೂರಿನವರು ‘ಮೈಸೂರು ದಲ್ಲಿ’ ವಾಸವಾಗುತ್ತಾರೆ, ಹುಬ್ಬಳ್ಳಿಯವರು ‘ಹುಬ್ಬಳ್ಳಿ ದಲ್ಲಿ’. ಕಂಪ್ಯೂಟರ್ ಬಂದ ಮೇಲೆ ಈ ನಮೂನೆಯೇ ಮೊಬೈಲ್ ಸಂದೇಶಗಳಿಗೆ ಹೊಕ್ಕು ‘ನಿಮ್ಮ ಪಾರ್ಸೆಲ್ ಮೈಸೂರು ಗೆ ತಲುಪಿದೆ’ ಎನ್ನುತ್ತಿದೆ. ಪರಿಹಾರ ಕಷ್ಟದ್ದೇನಲ್ಲ. ಖಾಲಿ ಜಾಗದ ಮುಂದೆ ಪ್ರತ್ಯಯದ ಬದಲು ಪೂರ್ಣ ಪದವೊಂದನ್ನು ಅಚ್ಚು ಹಾಕಿದರೆ ಸಾಕು: ‘............ ಊರಿನಲ್ಲಿ’, ‘............ ಅವರು’. ಹಿಂದೆ ಏನೇ ಬಂದರೂ ಕೆಡುವುದಿಲ್ಲ. ‘ರವರು’ ಹಾಕುವುದರಿಂದ ಜಾಗವೂ ಉಳಿಯುವುದಿಲ್ಲ. ಅದರಲ್ಲೂ ಮೂರೇ ಅಕ್ಷರ, ಇದರಲ್ಲೂ ಮೂರೇ ಅಕ್ಷರ.

ಇದೇ ವಾದವನ್ನು ಒಂದು ಉತ್ಸವ ಸಮಿತಿಯ ಮುಂದಿಟ್ಟೆ. ಕರಡು ಆಹ್ವಾನ ಪತ್ರಿಕೆಯಲ್ಲಿ ಎಲ್ಲ ‘ರವರು’ಗಳನ್ನೂ ‘ಅವರು’ ಮಾಡಿದ್ದೆ. ಸಭೆಯಲ್ಲಿ ಮೌನ. ಖಜಾಂಚಿಗಳು ಕೆಮ್ಮಿ ಹೇಳಿದರು: ‘ಹೋದ ವರ್ಷ ಇನ್ನೊಂದು ಬಣದವರು ತಮ್ಮ ಗೌಡರಿಗೆ ರವರು ಹಾಕಿಸಿದ್ದರು. ನಮ್ಮ ಗೌಡರಿಗೆ ಈಗ ಬರೀ ಅವರು ಎಂದರೆ ಇಳಿಸಿದಂತಾಗುವುದಿಲ್ಲವೇ ಮೇಷ್ಟ್ರೇ?’

‘ಗೌಡರು ಎನ್ನುವಲ್ಲೇ ಗೌರವ ಬಂತಲ್ಲ ಸ್ವಾಮಿ’ ಎಂದೆ.

‘ಹಾಗಾದರೆ ಅದೂ ಇರಲಿ’ ಎಂದರು ಕಾರ್ಯದರ್ಶಿಗಳು, ಎರಡು ಬಣಗಳನ್ನು ವರ್ಷಗಟ್ಟಲೆ ಸಂಭಾಳಿಸಿದ ಅನುಭವಸ್ಥರು. ಯಾರ ಮನಸ್ಸಿಗೂ ನೋವಾಗದಂತೆ ಠರಾವು ಮಾಡಿ, ಅಂದೇ ಸಂಜೆ ಅಚ್ಚಿಗೆ ಕಳುಹಿಸಿದರು: ‘ಉದ್ಘಾಟನೆ: ಶ್ರೀ ಗೌಡರು ರವರು ಅವರಿಂದ.’