ವ್ಯತ್ಯಾಸವೆಲ್ಲ ತೆರಿಗೆಯಲ್ಲ

ಮಾರಾಟದ ಬಿಲ್ಲುಗಳನ್ನು ತೋರಿಸುವ ಜಿಎಸ್‌ಟಿಆರ್-1ಕ್ಕೂ ತೆರಿಗೆ ಕಟ್ಟುವ ರಿಟರ್ನಾದ 3ಬಿಗೂ ತಾಳೆಯಾಗದಿದ್ದರೆ ವ್ಯತ್ಯಾಸದ ಮೊತ್ತವನ್ನು ಕಟ್ಟಿ ಕೈತೊಳೆದುಕೊಳ್ಳುವುದು ನಮ್ಮ ವರ್ತಕರ ರೂಢಿ. ಅವಸರದಲ್ಲಿ ಹೀಗೆ ಕಟ್ಟುವುದು ತಪ್ಪು ಎಂಬುದು ನನ್ನ ಅಭಿಪ್ರಾಯ.

ನಾನು ಲೆಕ್ಕ ನೋಡುವ ಒಂದು ಪ್ಲೈವುಡ್ ಅಂಗಡಿಯ 2023ರ ಸೆಪ್ಟೆಂಬರ್ ತಿಂಗಳನ್ನೇ ತೆಗೆದುಕೊಳ್ಳಿ. ಜಿಎಸ್‌ಟಿಆರ್-1ರಲ್ಲಿ ತೆರಿಗೆ 1,51,200 ರೂಪಾಯಿ, 3ಬಿಯಲ್ಲಿ 1,33,200. ಡಿಸೆಂಬರ್ ಮೊದಲ ವಾರ ಪೋರ್ಟಲಿನ ಹೋಲಿಕೆ ಪಟ್ಟಿಯಲ್ಲಿ 18,000 ರೂಪಾಯಿಯ ಅಂತರ ಕಂಡಾಗ ಮಾಲೀಕರು, "ಕಟ್ಟಿಬಿಡಿ ಸಾರ್, ನೋಟಿಸ್ ಬರೋದು ಬೇಡ" ಎಂದರು. ನಾನು ಮೊದಲು ಬಿಲ್ ಪುಸ್ತಕ ತರಿಸಿದೆ.

ಅಂತರದಲ್ಲಿ ಎರಡು ಬೇರೆ ಬೇರೆ ಸಂಗತಿಗಳಿದ್ದವು. 50,000 ರೂಪಾಯಿಯ ಒಂದು ಬಿಲ್ ತಡವಾಗಿ ಸಿಕ್ಕಿ ಜಿಎಸ್‌ಟಿಆರ್-1ಕ್ಕೆ ಸೇರಿತ್ತು. ಗುಮಾಸ್ತರು ಮಾತ್ರ ಅದಕ್ಕೂ ಮೊದಲೇ ತೆಗೆದಿಟ್ಟಿದ್ದ ಹಾಳೆಯನ್ನು ನೋಡಿ 3ಬಿಯಲ್ಲಿ ತಾನಾಗಿ ತುಂಬಿಬಂದ ಅಂಕಿಯನ್ನು ತಿದ್ದಿದ್ದರು. ಶೇ. 18ರಂತೆ ಇದರ 9,000 ನಿಜವಾದ ಬಾಕಿ. ಉಳಿದ 9,000 ಅದೇ ತಿಂಗಳು ಹಿಂದಿರುಗಿದ ಸರಕಿನ ಕ್ರೆಡಿಟ್ ನೋಟಿನದು. 3ಬಿಯಲ್ಲಿ ಅದನ್ನು ಕಳೆದಿದ್ದರು, ಜಿಎಸ್‌ಟಿಆರ್-1ರಲ್ಲಿ ತೋರಿಸುವುದನ್ನು ಮರೆತಿದ್ದರು. ಅದರ ಮೇಲೆ ಒಂದು ಪೈಸೆ ತೆರಿಗೆಯೂ ಬಾಕಿ ಇರಲಿಲ್ಲ.

ನವೆಂಬರ್ ತಿಂಗಳ ಜಿಎಸ್‌ಟಿಆರ್-1ರಲ್ಲಿ ಕ್ರೆಡಿಟ್ ನೋಟನ್ನು ತೋರಿಸಿದೆವು. ಎಡವುವುದು ಇದಾದ ಮೇಲೆಯೇ. ಆ ತಿಂಗಳ 3ಬಿಗೆ ಬರುವ ಅಂಕಿಯಲ್ಲಿ ಈ 9,000 ಆಗಲೇ ಕಳೆದುಹೋಗಿರುತ್ತದೆ. ಸೆಪ್ಟೆಂಬರಿನಲ್ಲೇ ಒಮ್ಮೆ ಕಳೆದದ್ದನ್ನು ಮತ್ತೆ ಕಳೆದಂತಾಗಬಾರದೆಂದು ಅದನ್ನು ಕೂಡಿಸಿ, ಬಿಟ್ಟುಹೋಗಿದ್ದ ಬಿಲ್ಲಿನ 9,000ವನ್ನೂ ಸೇರಿಸಿದೆವು. ಹೀಗೆ ಸೆಪ್ಟೆಂಬರಿನಲ್ಲಿ 3ಬಿ 18,000 ಕಡಿಮೆ, ನವೆಂಬರಿನಲ್ಲಿ 18,000 ಹೆಚ್ಚು; ವರ್ಷದ ಮೊತ್ತ ಸರಿಹೋಯಿತು.

ಬಡ್ಡಿ ಬಂದದ್ದು ಬಿಲ್ಲಿನ 9,000ಕ್ಕೆ ಮಾತ್ರ: ಅಕ್ಟೋಬರ್ 20ರ ಗಡುವಿನಿಂದ ಡಿಸೆಂಬರ್ 20ರವರೆಗೆ 61 ದಿನ, ವಾರ್ಷಿಕ ಶೇ. 18ರಂತೆ ಸುಮಾರು 271 ರೂಪಾಯಿ. ಖರೀದಿಯ ತೆರಿಗೆ ಜಮೆಯಾಗುವ ಕ್ರೆಡಿಟ್ ಲೆಡ್ಜರಿನಲ್ಲಿ ಹಣವಿತ್ತಲ್ಲ, ಬಡ್ಡಿ ಏಕೆ ಎಂದು ಮಾಲೀಕರು ಕೇಳಿದರು. ನಗದಿನ ಭಾಗಕ್ಕೆ ಮಾತ್ರ ಬಡ್ಡಿ ಎಂಬ ರಿಯಾಯಿತಿ ಇರುವುದು ಆಯಾ ತಿಂಗಳ ಮಾರಾಟವನ್ನು ಅದೇ ತಿಂಗಳ ರಿಟರ್ನಿನಲ್ಲಿ, ತಡವಾಗಿ ಸಲ್ಲಿಸಿದರೂ, ತೋರಿಸಿದವರಿಗೆ. ಮುಂದಿನ ತಿಂಗಳ ರಿಟರ್ನಿಗೆ ಹಾಕಿದವರಿಗೆ 88ಬಿ ನಿಯಮದಂತೆ ಬಾಕಿ ತೆರಿಗೆಯ ಪೂರ್ತಿ ಮೊತ್ತಕ್ಕೆ ಬಡ್ಡಿ ಬೀಳುತ್ತದೆ.

ಅಂತರ ನಿಗದಿತ ಮಿತಿಯನ್ನು ದಾಟಿದರೆ 88ಸಿ ನಿಯಮದಡಿ ಡಿಆರ್‌ಸಿ-01ಬಿ ಎಂಬ ಸೂಚನೆ ಬರುತ್ತದೆ. 7 ದಿನಗಳಲ್ಲಿ ಕಟ್ಟಬೇಕು, ಇಲ್ಲವೇ ಅದರ ಬಿ ಭಾಗದಲ್ಲಿ ಕಾರಣ ಹೇಳಬೇಕು. ಎರಡೂ ಮಾಡದಿದ್ದರೆ ಮುಂದಿನ ಜಿಎಸ್‌ಟಿಆರ್-1 ಸಲ್ಲಿಸಲು ಪೋರ್ಟಲ್ ಬಿಡುವುದಿಲ್ಲ. ಅಂದು 18,000ವನ್ನು ಸುಮ್ಮನೆ ಕಟ್ಟಿದ್ದರೆ ಅಂಗಡಿಯವರ 9,000 ಹೋಗುತ್ತಿತ್ತು; ಕ್ರೆಡಿಟ್ ನೋಟು ಮಾತ್ರ ಯಾರಿಗೂ ಕಾಣದೆ ಕಡತದಲ್ಲೇ ಉಳಿಯುತ್ತಿತ್ತು.